‘ಪಲುಕೇ ಬಂಗಾರಮಾಯೆನಾ’ ನಮ್ಮ ಭಜನೆಯಲ್ಲಿ ಕನ್ನಡವಾದ ಬಗೆ

ಸಿರುಗುಪ್ಪದ ನಮ್ಮ ಓಣಿಯ ಆಂಜನೇಯನ ಗುಡಿಯಲ್ಲಿ ಶನಿವಾರದ ಭಜನೆಗೆ ನಾನು ಹಾರ್ಮೋನಿಯಂ ನುಡಿಸುತ್ತೇನೆ. ಬಳ್ಳಾರಿ ಜಿಲ್ಲೆಯ ಈ ಭಾಗದಲ್ಲಿ ಅರ್ಧ ಹಾಡುಗಳು ಕನ್ನಡದವು, ಅರ್ಧ ತೆಲುಗಿನವು. ಹಿರಿಯರಿಗೆ ಎರಡೂ ಮನೆಯ ಮಾತುಗಳೇ. ಆದರೆ ಈಗ ಭಜನೆಗೆ ಬರುವ ಹುಡುಗ ಹುಡುಗಿಯರು ತೆಲುಗು ಹಾಡನ್ನು ಬಾಯಿಪಾಠ ಮಾಡಿ ಹಾಡುತ್ತಾರೆಯೇ ಹೊರತು ಅದರ ಅಳಲು ಅವರಿಗೆ ತಟ್ಟುವುದಿಲ್ಲ. ಭದ್ರಾಚಲ ರಾಮದಾಸರ ‘ಪಲುಕೇ ಬಂಗಾರಮಾಯೆನಾ’ ಕೀರ್ತನೆಯನ್ನು ಅವರು ಜಾತ್ರೆಯ ಹಾಡಿನಂತೆ ನಗುನಗುತ್ತಾ ಹಾಡುವುದನ್ನು ಕೇಳಿದ ದಿನವೇ ಇದನ್ನು ಕನ್ನಡಕ್ಕೆ ತರಬೇಕೆಂದು ನಿಶ್ಚಯಿಸಿದೆ. ರಾಮದಾಸರ ಮೂಲ ಹೆಸರು ಕಂಚೆರ್ಲ ಗೋಪನ್ನ. ಹದಿನೇಳನೆಯ ಶತಮಾನದ ಅವರು ಭದ್ರಾಚಲದಲ್ಲಿ ರಾಮನಿಗೆ ಗುಡಿ ಕಟ್ಟಿಸಿ, ಅದಕ್ಕೆ ಸರಕಾರದ ಹಣ ಬಳಸಿದ ಕಾರಣಕ್ಕೆ ಗೋಲ್ಕೊಂಡದಲ್ಲಿ ಸೆರೆಯಾದವರು. ಎಷ್ಟು ಕೂಗಿದರೂ ಓಗೊಡದ ದೇವರ ಮುಂದೆ ಒಬ್ಬ ಮನುಷ್ಯ ಇಡುವ ದೂರು ಇದು. ನಗುತ್ತಾ ಹಾಡುವ ಹಾಡಲ್ಲ.

ಧಾಟಿಯನ್ನು ಒಂದಿಷ್ಟೂ ಬದಲಿಸಬಾರದು ಎಂಬುದು ನನ್ನ ಮೊದಲ ಕಟ್ಟುಪಾಡಾಗಿತ್ತು. ಆನಂದಭೈರವಿ ರಾಗ, ಆದಿತಾಳ ಹಾಗೆಯೇ ಉಳಿಯಬೇಕು. ಹಾಗಾಗಿ ಅರ್ಥಕ್ಕೆ ಕೈ ಹಾಕುವ ಮೊದಲು ತೆಲುಗು ಸಾಲುಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು, ಶಾಲೆಯಲ್ಲಿ ಷಟ್ಪದಿಗೆ ಪ್ರಸ್ತಾರ ಹಾಕುತ್ತಿದ್ದ ಹಾಗೆ ಪ್ರತಿ ಅಕ್ಷರದ ಮೇಲೆ ಲಘು ಗುರು ಗುರುತು ಹಾಕಿದೆ. ‘ಪಲುಕೇ’ ಎಂದರೆ ಎರಡು ಲಘು, ಒಂದು ಗುರು, ನಾಲ್ಕು ಮಾತ್ರೆ. ‘ಬಂಗಾರಮಾಯೆನಾ’ ಹತ್ತು ಮಾತ್ರೆ. ಪಲ್ಲವಿಯ ಈ ತುಂಡಿಗೆ ಒಟ್ಟು ಹದಿನಾಲ್ಕು.

‘ಮಾತೇ ಬಂಗಾರವಾಯಿತೇ’ ಎಂದು ಬರೆದಾಗ ಅದೂ ಹದಿನಾಲ್ಕೇ ಆಯಿತು. ಕೆಲಸ ಮುಗಿಯಿತೆಂದುಕೊಂಡು ಶನಿವಾರ ಹಾಡಿಸಿದೆ. ಎರಡು ಕಡೆ ಹಾಡು ಕುಸಿಯಿತು.

ಮೊದಲನೆಯದು ಕಿವಿಗೆ ತಿಳಿಯುವಂಥದ್ದು. ಮಾತ್ರೆಯ ಮೊತ್ತ ಒಂದೇ ಆದರೂ ಒಳಗಿನ ಹಂಚಿಕೆ ಬೇರೆ. ‘ಪಲು’ ಎಂಬ ಎರಡು ಹಗುರ ಅಕ್ಷರಗಳು ಹಿಂಜರಿಯುತ್ತಾ ಬಂದು ‘ಕೇ’ ಮೇಲೆ ನಿಲ್ಲುತ್ತವೆ. ಮಾತನಾಡಿಸಲು ಅಳುಕುತ್ತಿರುವವನ ಬಾಯಿಯ ಹಾಗೆ. ‘ಮಾತೇ’ ಎರಡೂ ಗುರು. ಎಲ್ಲರೂ ‘ಮಾ’ ಅಕ್ಷರವನ್ನೇ ಜಗ್ಗಿದರು, ಬೇಡುವ ದನಿ ಹೋಗಿ ಸಾರುವ ದನಿ ಬಂತು. ಎರಡನೆಯ ಕುಸಿತವನ್ನು ತೋರಿಸಿದವರು ತಾಳ ಹಾಕುವ ಹಿರಿಯಕ್ಕ. ‘ದೇವರ ಮಾತು ಬಂಗಾರವೇ ಅಲ್ಲವೇನಪ್ಪಾ, ಅದರಲ್ಲಿ ಕೇಳುವುದೇನಿದೆ?’ ಎಂದರು. ತೆಲುಗಿನಲ್ಲಿ ಮಾತು ಬಂಗಾರವಾಯಿತೇ ಎಂದರೆ ಆಡಲು ಅಷ್ಟೊಂದು ಜಿಪುಣತನವೇ ಎಂದು ಚುಚ್ಚಿ ಕೇಳಿದಂತೆ. ನಮ್ಮಲ್ಲಿ ಮಾತು ಬೆಳ್ಳಿ, ಮೌನ ಬಂಗಾರ ಎನ್ನುವ ಗಾದೆ ಇದೆ. ಮಾತನ್ನು ಬಂಗಾರ ಎಂದರೆ ಅದು ಹೊಗಳಿಕೆಯೇ. ಒಂದೇ ಬಂಗಾರ, ಅಲ್ಲಿ ದೂರು, ಇಲ್ಲಿ ಬಿರುದು.

‘ನುಡಿಯೇ’ ಎಂದು ಬದಲಿಸಿದಾಗ ಮೊದಲ ತೊಡಕು ಬಿಟ್ಟಿತು: ಲಘು, ಲಘು, ಗುರು; ‘ಪಲುಕೇ’ ಪಡಿಯಚ್ಚು. ಎರಡನೆಯದು ಬಿಡಿಸಿಕೊಂಡದ್ದು ಚರಣದಲ್ಲಿ. ‘ಪಿಲಚಿನಾ ಪಲುಕವೇಮಿ’ ಎಂಬಲ್ಲಿ ರಾಮದಾಸರು ಪಲ್ಲವಿಯ ಹೆಸರುಪದವನ್ನೇ ಕ್ರಿಯಾಪದವಾಗಿ ಮತ್ತೆ ತರುತ್ತಾರೆ. ಪಲುಕು ಎಂದರೆ ಬರಿಯ ಮಾತಲ್ಲ, ಕರೆದಾಗ ಓ ಎನ್ನುವುದು. ಅದಕ್ಕಾಗಿ ‘ಕರೆದರೂ ಓಗೊಡೆಯೇ’ ಎಂದು ಬರೆದು ನೋಡಿದೆ. ಅರ್ಥ ಹತ್ತಿರವಾಯಿತು, ಮಾತ್ರೆಯೂ ಕೂಡಿತು, ಆದರೆ ಒಂದೇ ಪದ ಎರಡು ಸಲ ಬಂದು ಚುಚ್ಚುವ ಗುಣ ಹೋಯಿತು. ‘ನುಡಿಯಲೊಲ್ಲೆ’ ಅಕ್ಷರಕ್ಕೆ ಅಕ್ಷರ ಕೂರುತ್ತಿತ್ತು. ಆದರೆ ನಮ್ಮ ಕಡೆ ದಿನಬೆಳಗಾದರೆ ‘ನಾನು ಒಲ್ಲೆ’ ಎನ್ನುತ್ತೇವೆ, ಹಾಗಾಗಿ ಮಾತು ಬಿಟ್ಟವನು ಭಕ್ತನೇ ಎಂಬಂತೆ ಕೇಳಿಸಿತು. ಕೊನೆಗೆ ನಿಂತದ್ದು ಇದು:

ನುಡಿಯೇ ಬಂಗಾರವಾಯಿತೇ ಕೋದಂಡಪಾಣಿ
ನುಡಿಯೇ ಬಂಗಾರವಾಯ್ತು, ಕರೆದರೂ ನುಡಿಯೆಯೇಕೆ

‘ನುಡಿಯೆಯೇಕೆ’ ಎಂದ ಮೇಲೆ ಬಂಗಾರ ಹೊಗಳಿಕೆಯಾಗಿ ಕೇಳಿಸುವುದು ನಿಂತಿತು. ‘ನುಡಿಯೆ’ ಎಂದರೆ ನುಡಿಯುವುದಿಲ್ಲ ನೀನು ಎಂದು. ದಾಸರ ಪದಗಳನ್ನು ಹಾಡಿದವರಿಗೆ ಇಂಥ ರೂಪ ಹೊಸದಲ್ಲ. ಎರಡನೆಯ ಸಾಲಿನ ‘ವಾಯ್ತು’ ಮೂರು ಮಾತ್ರೆಯದು, ತೆಲುಗಿನ ‘ಮಾಯೆ’ ಕೂಡ ಅಷ್ಟೇ. ಪಲ್ಲವಿಯಲ್ಲಿ ನಾನು ತೆತ್ತ ಬೆಲೆ ಕೊನೆಯ ಸ್ವರ. ‘ನಾ’ ಎಂದು ಬಾಯಿ ತೆರೆದು ದನಿ ನಿಲ್ಲಿಸುವ ಜಾಗದಲ್ಲಿ ‘ತೇ’ ಬಂದಿದೆ. ‘ವಾಯಿತಾ’ ಎಂದರೆ ಆಕಾರ ಸಿಗುತ್ತದೆ, ಆದರೆ ಅದು ಅಂಗಡಿಯಲ್ಲಿ ‘ಆಯಿತಾ’ ಎಂದು ಕೇಳಿದಂತಿರುತ್ತದೆ. ‘ವಾಯಿತೋ’ ಎಂದರೆ ಪ್ರಶ್ನೆಯೇ ಕರಗಿ ಉದ್ಗಾರವಾಗುತ್ತದೆ. ದೂರು ಇರುವುದೇ ಆ ಪ್ರಶ್ನೆಯಲ್ಲಿ. ಹೀಗಾಗಿ ‘ತೇ’ ಇಟ್ಟು, ‘ವಾ’ ಮೇಲೆ ತುಸು ಹೆಚ್ಚು ನಿಂತು ‘ತೇ’ ಅಕ್ಷರವನ್ನು ಮೆಲ್ಲಗೆ ಬಿಡಲು ಹೇಳಿಕೊಟ್ಟೆ.

ಮುಂದಿನ ಸಾಲು ‘ಕಲಲೋ ನೀ ನಾಮ ಸ್ಮರಣ ಮರುವ ಚಕ್ಕನಿ ತಂಡ್ರಿ’. ತೆಲುಗಿನಿಂದ ಕನ್ನಡಕ್ಕೆ ಬರುವಾಗ ಎಲ್ಲ ಹಾಡುಗಳಲ್ಲೂ ಕಾಡುವ ಒಂದು ತೊಡಕು ಇಲ್ಲಿದೆ. ಅವರ ‘ನೀ’ ಎರಡು ಮಾತ್ರೆ, ನಮ್ಮ ‘ನಿನ್ನ’ ಮೂರು. ‘ನಾ’ ಮತ್ತು ‘ನನ್ನ’ ನಡುವೆಯೂ ಇದೇ ಜಗಳ. ಪದಗಳಲ್ಲಿ ಬಳಕೆಯಿರುವ ‘ನಿನ’ ಎಂಬ ಮೊಟಕು ರೂಪ ಈ ಇಕ್ಕಟ್ಟಿನಿಂದ ಪಾರು ಮಾಡುತ್ತದೆ.

ಕನಸೊಳು ನಿನ ನಾಮ ಸ್ಮರಣೆ ಮರೆಯೆ ಚೆನ್ನಿಗ ತಂದೆ

ಇಪ್ಪತ್ತಮೂರು ಮಾತ್ರೆಗೆ ಇಪ್ಪತ್ತಮೂರು ಬಂತು. ಆದರೆ ತೆಲುಗಿನಲ್ಲಿ ‘ಪಲುಕೇ’, ‘ಕಲಲೋ’ ಎರಡರಲ್ಲೂ ಎರಡನೆಯ ಅಕ್ಷರ ಲಕಾರ. ಆ ಪ್ರಾಸ ನನ್ನದರಲ್ಲಿ ಇಲ್ಲ. ‘ನುಡಿಯೇ’ ಪದಕ್ಕೆ ‘ಬಿಡದೇ’ ಎಂದು ಜೋಡಿಸಿದರೆ ಪ್ರಾಸ ಸಿಗುತ್ತದೆ, ಕನಸು ಹೋಗುತ್ತದೆ. ಎರಡು ವಾರ ಹೊಯ್ದಾಡಿ ಕನಸನ್ನೇ ಉಳಿಸಿಕೊಂಡೆ. ಎಚ್ಚರದಲ್ಲಿ ಕೂಗುವುದು ದೊಡ್ಡದಲ್ಲ, ನಿದ್ದೆಯಲ್ಲೂ ಹೆಸರು ಬಿಡದವನಿಗೆ ಉತ್ತರ ಬಾರದಿರುವುದು ನೋವು. ಪ್ರಾಸಕ್ಕಾಗಿ ಅದನ್ನು ಕೊಡಲು ನನ್ನ ಮನಸ್ಸು ಒಪ್ಪಲಿಲ್ಲ.

ಅಳಿಲಿನ ಚರಣ ಮಾತ್ರ ತಾನಾಗಿ ಬಂತು. ‘ಇರವುಗ ಇಸುಕಲೋನ ಪೊರಲಿನ ಉಡುತ ಭಕ್ತಿಕಿ’ ಎಂಬಲ್ಲಿ ‘ಪೊರಲಿನ’ ಎಂದರೆ ನಮ್ಮ ‘ಹೊರಳಿದ’; ಪಕಾರ ಹಕಾರವಾಗಿ, ಲಕಾರ ಳಕಾರವಾಗಿ, ಕೊನೆಯ ‘ನ’ ‘ದ’ ಆದದ್ದು ಬಿಟ್ಟರೆ ಪದ ಒಂದೇ, ತೂಕ ಒಂದೇ. ಮೊದಲು ‘ಮರಳಿನಲ್ಲಿ ಹೊರಳಿದ’ ಎಂದು ಬರೆದಿದ್ದೆ. ಕಾಗದದ ಮೇಲೆ ಚೆಂದ ಕಂಡಿತು. ಹಾಡುವಾಗ ಉಸಿರು ‘ಮರಳಿ’ ಎಂಬಲ್ಲಿ ತುಂಡಾಗಿ, ಅಳಿಲು ಹಿಂದಿರುಗಿ ಬಂದಂತೆ ಕೇಳಿಸಿತು. ಅಲ್ಲದೆ ತುಂಗಭದ್ರೆಯ ದಂಡೆಯ ನಾವು ಅದಕ್ಕೆ ಉಸುಕು ಎನ್ನುತ್ತೇವೆ. ತೆಲುಗಿನ ‘ಇಸುಕ’ ಅದರ ಒಡಹುಟ್ಟು. ‘ಉಸುಕಿನಲ್ಲಿ’ ಎಂದು ಹಾಕಿದೊಡನೆ ಲಘು ಗುರು ಎಲ್ಲವೂ ‘ಇಸುಕಲೋನ’ ಇದ್ದ ಹಾಗೆಯೇ ಕೂತವು. ಇನ್ನು ತೆಲುಗರು ‘ಉಡುತ ಭಕ್ತಿ’ ಎನ್ನುವುದನ್ನು ನಾವು ‘ಅಳಿಲು ಸೇವೆ’ ಎನ್ನುತ್ತೇವೆ. ‘ಭಕ್ತಿಕಿ’ ಇದ್ದ ಕಡೆ ‘ಸೇವೆಗೆ’. ಒಂದು ಗುರು, ಎರಡು ಲಘು, ಅದೇ ಅಳತೆ. ‘ಇರವುಗ’ ಪದಕ್ಕೆ ಸರಿಸಮನಾದ ಮಾತು ಸಿಗಲಿಲ್ಲ. ಮುಂದಿನ ಸಾಲಿನ ‘ಕರುಣಿಸಿ’ ಜೊತೆ ಪ್ರಾಸ ಕೂಡಲೆಂದು ‘ಹರುಷದಿ’ ಎಂದೆ. ಅರ್ಥ ಸ್ವಲ್ಪ ಸರಿದಿದೆ, ಭಾವಕ್ಕೆ ಊನವಾಗಿಲ್ಲ.

ಹರುಷದಿ ಉಸುಕಿನಲ್ಲಿ ಹೊರಳಿದ ಅಳಿಲ ಸೇವೆಗೆ

ಈ ಚರಣದ ಕೊನೆಯಲ್ಲಿ ದೊಡ್ಡ ತಪ್ಪು ಮಾಡಿದ್ದೆ. ‘ನೆರ ನಮ್ಮಿತಿ ನಿನ್ನೇ ತಂಡ್ರಿ’ ಎಂಬುದನ್ನು ‘ನೆರೆ ನಂಬಿದೆ ನಿನ್ನ ತಂದೆ’ ಎಂದು ಬರೆದಿದ್ದೆ. ಎಷ್ಟು ಸಲೀಸಾಗಿ ಬಂತೆಂದರೆ ತಿರುಗಿ ನೋಡಲೇ ಇಲ್ಲ. ಹೈಸ್ಕೂಲಿನ ಹುಡುಗಿಯೊಬ್ಬಳು ಪಾಠ ಒಪ್ಪಿಸುವಾಗ ಕೇಳಿದಳು: ‘ಸರ್, ರಾಮನ ತಂದೆಯನ್ನು ಯಾಕೆ ನಂಬಿದರು?’ ತೆಲುಗಿನ ‘ನಿನ್ನೇ’ ಎಂದರೆ ನಿನ್ನನ್ನೇ. ಕನ್ನಡದಲ್ಲಿ ‘ನಿನ್ನ’ ಮುಂದೆ ‘ತಂದೆ’ ಬಂದರೆ ದಶರಥನೇ ಬಂದು ನಿಲ್ಲುತ್ತಾನೆ. ‘ನೆರೆ’ ಎಂದರೇನು ಎಂದು ಕೇಳಿದಾಗ ಅವಳು ಹೊಳೆಯ ಕಡೆ ಕೈ ತೋರಿಸಿದಳು. ಹಳೆಯ ಪದಗಳಲ್ಲಿ ಅದು ತುಂಬು ನಂಬಿಕೆಯ ಮಾತು. ಹೊಳೆ ಉಕ್ಕಿ ಗದ್ದೆಗೆ ನುಗ್ಗುವುದನ್ನು ಕಂಡವರಿಗೆ ಅದು ಪ್ರವಾಹ. ಎರಡನ್ನೂ ತೆಗೆದು ‘ಬಲು ನಂಬಿದೆ ನಿನ್ನನೆ ತಂದೆ’ ಎಂದು ಮಾಡಿದೆ. ‘ನಿನ್ನೇ’ ನಾಲ್ಕು ಮಾತ್ರೆ, ‘ನಿನ್ನನೆ’ ಕೂಡ ನಾಲ್ಕು, ಧಾಟಿ ಕದಲಲಿಲ್ಲ. ಅಂದಿನಿಂದ ಯಾವ ಹಾಡನ್ನು ತಂದರೂ ಮೂಲ ಕೇಳಿರದ ಒಬ್ಬರ ಬಾಯಲ್ಲಿ ರಾಗವಿಲ್ಲದೆ ಓದಿಸಿ, ಅರ್ಥ ಹೇಳಿಸುತ್ತೇನೆ. ರಾಗದ ಜೊತೆ ಓದಿದರೆ ಇಂಥ ತಪ್ಪು ಕಾಣುವುದಿಲ್ಲ, ಧಾಟಿ ಅದನ್ನು ಮುಚ್ಚಿಬಿಡುತ್ತದೆ.

ಅಂಕಿತಕ್ಕೆ ನಾನು ಕೈ ಹಚ್ಚಲಿಲ್ಲ. ‘ಭದ್ರಾಚಲ ವರ ರಾಮದಾಸ ಪೋಷ’ ಎಂಬುದೆಲ್ಲ ಸಂಸ್ಕೃತ ಪದಗಳು, ಕನ್ನಡದಲ್ಲೂ ಹಾಗೆಯೇ ನಿಲ್ಲುತ್ತವೆ. ನಿಲ್ಲದೇ ಇದ್ದರೂ ಬದಲಿಸುತ್ತಿರಲಿಲ್ಲ. ಭಜನೆಯವರೊಬ್ಬರು ಅಲ್ಲಿ ನಮ್ಮೂರ ಹನುಮಪ್ಪನ ಹೆಸರು ಸೇರಿಸೋಣ ಎಂದಾಗ ನಾನು ಖಂಡಿತವಾಗಿ ಬೇಡವೆಂದೆ. ದೂರು ಅವರದು, ಸೆರೆ ಅವರದು, ರುಜುವೂ ಅವರದೇ ಇರಬೇಕು.

ಕಳೆದ ರಾಮನವಮಿಯ ರಾತ್ರಿ ಪೂರ್ತಿ ಹಾಡನ್ನು ಕನ್ನಡದಲ್ಲಿ ಹಾಡಿದೆವು. ಹುಡುಗರು ‘ವಾ’ ಮೇಲೆ ನಿಂತು ‘ತೇ’ ಅಕ್ಷರವನ್ನು ಮೆಲ್ಲಗೆ ಬಿಟ್ಟರು, ಒಬ್ಬರೂ ನಗಲಿಲ್ಲ. ಆ ಹಿರಿಯಕ್ಕ ಕಣ್ಣು ಮುಚ್ಚಿ ಹಾಡುತ್ತಾ ಚರಣಗಳ ಕೊನೆಗೆ ‘ತಂದೆ’ ಬದಲು ‘ತಂಡ್ರಿ’ ಎಂದೇ ಎನ್ನುತ್ತಿದ್ದರು. ಎರಡೂ ಒಂದು ಗುರು, ಒಂದು ಲಘು. ತಾಳ ತಪ್ಪಲಿಲ್ಲ, ನಾನೂ ತಿದ್ದಲಿಲ್ಲ.