ಮೂವತ್ತು ಅಡಿ ಬ್ಯಾನರ್‌ಗೆ ಎಷ್ಟು ಪಿಕ್ಸೆಲ್ ಸಾಕು?

ಬ್ಯಾನರ್ ಮಾಡಿಸಲು ಬರುವವರಲ್ಲಿ ಅರ್ಧದಷ್ಟು ಜನ ‘ಮುನ್ನೂರು ಡಿಪಿಐ ಇರಲಿ’, ಅಂದರೆ ಇಂಚಿಗೆ ಮುನ್ನೂರು ಚುಕ್ಕೆ ಇರಲಿ ಎಂದೇ ಮಾತು ಶುರು ಮಾಡುತ್ತಾರೆ. ಆ ಮುನ್ನೂರು ಸುಳ್ಳಲ್ಲ, ಆದರೆ ಅದು ಕೈಯಲ್ಲಿ ಹಿಡಿದು ಓದುವ ಪುಸ್ತಕದ ಲೆಕ್ಕ. ಒಂದು ಅಡಿ ದೂರದಿಂದ ನೋಡುವಾಗ ಒಳ್ಳೆಯ ಕಣ್ಣು ಇಂಚಿಗೆ ಸುಮಾರು ಮುನ್ನೂರು ಚುಕ್ಕೆಗಳವರೆಗೆ ಬೇರ್ಪಡಿಸಬಲ್ಲದು. ದೂರ ಎರಡರಷ್ಟಾದರೆ ಆ ಶಕ್ತಿ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ಮುನ್ನೂರನ್ನು ನೋಡುವ ದೂರದ ಅಡಿಗಳಿಂದ ಭಾಗಿಸುತ್ತೇನೆ. ಬಂದ ಸಂಖ್ಯೆ ಇಂಚಿಗೆ ಬೇಕಾದ ಕನಿಷ್ಠ ಪಿಕ್ಸೆಲ್. ಸಾಧ್ಯವಾದರೆ ಅದರ ಎರಡರಷ್ಟು ಇಟ್ಟುಕೊಳ್ಳುತ್ತೇನೆ, ಏಕೆಂದರೆ ಎಲ್ಲರೂ ನಾವು ಎಣಿಸಿದ ಜಾಗದಲ್ಲೇ ನಿಲ್ಲುವುದಿಲ್ಲ.

ಸರ್ಕಾರಿ ಶಾಲೆಯೊಂದರ ಸುವರ್ಣ ಮಹೋತ್ಸವಕ್ಕೆ ಮಾಡಿದ ಕೆಲಸವನ್ನೇ ಹೇಳುತ್ತೇನೆ. ಬ್ಯಾನರ್ 30 ಅಡಿ ಅಗಲ, 15 ಅಡಿ ಎತ್ತರ. ಕಟ್ಟುವ ಜಾಗ ಬಸ್ ನಿಲ್ದಾಣದ ಎದುರು, ಜನ ನೋಡುವುದು ಸುಮಾರು 60 ಅಡಿ ದೂರದಿಂದ. ಮುನ್ನೂರನ್ನು ಅರವತ್ತರಿಂದ ಭಾಗಿಸಿದರೆ ಐದು. ಇಂಚಿಗೆ ಹತ್ತು ಪಿಕ್ಸೆಲ್ ಇದ್ದರೆ ನೆಮ್ಮದಿ. ಶಾಲೆಯ ಕಟ್ಟಡದ ಫೋಟೊ ಮೊಬೈಲ್‌ನಲ್ಲಿ ತೆಗೆದದ್ದು, ಅಗಲಕ್ಕೆ 4000 ಪಿಕ್ಸೆಲ್. ಅದನ್ನು 360 ಇಂಚಿಗೆ ಹರಡಿದಾಗ ಇಂಚಿಗೆ ಹನ್ನೊಂದು ಸಿಕ್ಕಿತು. ಹಿನ್ನೆಲೆಯ ಚಿಂತೆ ಅಲ್ಲಿಗೇ ಮುಗಿಯಿತು.

ಅದೇ ಫೋಟೊ ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿ ಚಿತ್ರವಾಗಿ ಬಂದಿದ್ದರೆ ಅಗಲ 1600ರ ಆಸುಪಾಸಿಗೆ ಇಳಿದಿರುತ್ತಿತ್ತು. ಇಂಚಿಗೆ ನಾಲ್ಕೂವರೆ; ಅರವತ್ತು ಅಡಿಗೆ ಹೇಗೋ ನಡೆಯಬಹುದು ಅನ್ನಿಸುತ್ತದೆ. ಆದರೆ ಅಲ್ಲಿ ಕಣ್ಣಿಗೆ ಹೊಡೆಯುವುದು ಪಿಕ್ಸೆಲ್ ಅಲ್ಲ, ಫೈಲ್ ಚಿಕ್ಕದಾಗಲೆಂದು ಜೆಪೆಗ್ ಚಿತ್ರವನ್ನು ಕುಗ್ಗಿಸಿದಾಗ ಏಳುವ ಚೌಕಗಳು. ಒಂದೊಂದು ಚೌಕ ಎಂಟು ಪಿಕ್ಸೆಲ್ ಅಗಲ, ಅಂದರೆ ಬ್ಯಾನರ್ ಮೇಲೆ ಸುಮಾರು ಒಂದೂಮುಕ್ಕಾಲು ಇಂಚು. ಆಕಾಶದಲ್ಲಿ, ಕೆನ್ನೆಯ ಮೇಲೆ ಅವು ತೇಪೆ ಹಾಕಿದಂತೆ ರಸ್ತೆಯ ಆಚೆಯಿಂದಲೂ ಕಾಣುತ್ತವೆ. ಅದಕ್ಕೇ ಫೋಟೊವನ್ನು ಡಾಕ್ಯುಮೆಂಟ್ ಆಗಿ ಕಳುಹಿಸಿ ಎಂದು ಎಲ್ಲರಿಗೂ ಹೇಳುತ್ತೇನೆ.

ತೊಡಕು ಬಂದದ್ದು ಸ್ಥಾಪಕ ಮೇಷ್ಟರ ಮುಖದಲ್ಲಿ. ಸಮಿತಿಯವರಿಗೆ ಮುಖವೇ ಆರು ಅಡಿ ಎತ್ತರ ಬೇಕು. ತಂದದ್ದು ಹಳೆಯ ಗುಂಪು ಫೋಟೊ. ‘ಎಷ್ಟು ದೊಡ್ಡ ಫೋಟೊ ನೋಡಿ ಸಾರ್’ ಎಂದರು. ಫೋಟೊ ದೊಡ್ಡದೇ, ಆದರೆ ಅದರಲ್ಲಿ ಮೇಷ್ಟರ ಮುಖ ಅರ್ಧ ಇಂಚು ಮಾತ್ರ. ಇಂಚಿಗೆ 600 ಪಿಕ್ಸೆಲ್‌ನಂತೆ ಸ್ಕ್ಯಾನ್ ಮಾಡಿದರೆ ಮುಖಕ್ಕೆ 300 ಪಿಕ್ಸೆಲ್. 72 ಇಂಚಿಗೆ ಎಳೆದರೆ ಇಂಚಿಗೆ ನಾಲ್ಕು. 1200ರಲ್ಲಿ ಸ್ಕ್ಯಾನ್ ಮಾಡಿದಾಗ ಸಂಖ್ಯೆ ಹೆಚ್ಚಿತು, ವಿವರ ಹೆಚ್ಚಲಿಲ್ಲ. ಕಾಗದದಲ್ಲೇ ಇಲ್ಲದ್ದನ್ನು ಸ್ಕ್ಯಾನರ್ ಎಲ್ಲಿಂದ ತಂದೀತು? ಇಡೀ ಚಿತ್ರದ ಅಳತೆ ನೋಡಿ ತೃಪ್ತರಾಗಬಾರದು, ಕತ್ತರಿಸಿ ಬಳಸುವ ಭಾಗದಲ್ಲಿ ಎಷ್ಟು ಪಿಕ್ಸೆಲ್ ಇವೆ ಎಂದು ಎಣಿಸಬೇಕು.

ಕೊನೆಗೆ ಮೇಷ್ಟರ ಮನೆಯವರು ಒಂದು ಪಾಸ್‌ಪೋರ್ಟ್ ಅಳತೆಯ ಫೋಟೊ ಹುಡುಕಿ ಕೊಟ್ಟರು. ಹೆಬ್ಬೆರಳಿನಷ್ಟು ಚಿತ್ರ ಎಂದು ಸಮಿತಿಯವರು ಮುಖ ಸಪ್ಪೆ ಮಾಡಿಕೊಂಡರು. ಅದರಲ್ಲಿ ಮುಖ ಸುಮಾರು 1.2 ಇಂಚು ಎತ್ತರ ಇತ್ತು. 600ರಲ್ಲಿ ಸ್ಕ್ಯಾನ್ ಮಾಡಿದಾಗ 720 ಪಿಕ್ಸೆಲ್ ಸಿಕ್ಕಿತು, ಆರು ಅಡಿಗೆ ಇಂಚಿಗೆ ಸರಿಯಾಗಿ ಹತ್ತು.

ಫೈಲನ್ನು ಇಂಚಿಗೆ 36ರಂತೆ ಕಟ್ಟಿದೆ: 12,960ಕ್ಕೆ 6,480 ಪಿಕ್ಸೆಲ್. ಫೋಟೊಗೆ ಇದು ಹೆಚ್ಚೇ. ಅಷ್ಟು ಇಟ್ಟದ್ದು ಅಕ್ಷರಗಳಿಗಾಗಿ. ಒತ್ತಕ್ಷರದ ಅಂಚು ಮೆಟ್ಟಿಲಾದರೆ ಹತ್ತಿರ ನಡೆದು ಹೋಗುವವರಿಗೆ ಮೊದಲು ಕಾಣುವುದೇ ಅದು. ಮುದ್ರಣದ ನಾಲ್ಕು ಬಣ್ಣಗಳ ಸಿಎಂವೈಕೆಯಲ್ಲಿ ಈ ಫೈಲ್ ಕುಗ್ಗಿಸದೆ ಇಟ್ಟರೂ ಸುಮಾರು 340 ಎಂಬಿ. ಮುನ್ನೂರು ಡಿಪಿಐ ಕೇಳಿದವರ ಮಾತಿನಂತೆ ಕಟ್ಟಿದ್ದರೆ 23 ಜಿಬಿ ದಾಟುತ್ತಿತ್ತು, ಮುದ್ರಣಕ್ಕೆ ಕೊಡುವ ಸಾಮಾನ್ಯ ಟಿಫ್ ಚಿತ್ರದ ಫೈಲ್ ನಾಲ್ಕು ಜಿಬಿಗೇ ನಿಲ್ಲುತ್ತದೆ. ಮುದ್ರಣ ಮಷೀನಿನ ಮೇಲೆ ಬರೆದಿರುವ 720 ಡಿಪಿಐ ಬೇರೆ ವಿಷಯ. ಅದು ಶಾಯಿಯ ಹನಿಗಳ ಲೆಕ್ಕ, ಚಿತ್ರದ ಒಂದು ಪಿಕ್ಸೆಲ್‌ನ ಬಣ್ಣ ಕೂಡಿಸಲು ಅಂಥ ಹನಿಗಳು ಹಲವು ಬೇಕು.

ಮುದ್ರಣಕ್ಕೆ ಕಳುಹಿಸುವ ಮೊದಲು ಪರದೆಯ ಮೇಲೆ ಬ್ಯಾನರ್ ಹನ್ನೆರಡು ಇಂಚು ಅಗಲ ಕಾಣುವಂತೆ ಇಟ್ಟು ಎರಡು ಅಡಿ ದೂರ ಕೂರುತ್ತೇನೆ. ಮೂವತ್ತು ಅಡಿಯದನ್ನು ಅರವತ್ತು ಅಡಿಯಿಂದ ನೋಡಿದಾಗಲೂ ಕಣ್ಣಿಗೆ ಬೀಳುವ ಗಾತ್ರ ಅಷ್ಟೇ. ಗ್ರಾಹಕರನ್ನೂ ಪಕ್ಕದಲ್ಲಿ ಕೂರಿಸಿ ತೋರಿಸಿದರೆ ಮುನ್ನೂರರ ಹಟ ತಾನಾಗಿ ಇಳಿಯುತ್ತದೆ. ಜೊತೆಗೆ ಮುಖದ ಒಂದು ಅಡಿ ಭಾಗವನ್ನು ನಿಜ ಅಳತೆಯಲ್ಲಿ ತುಂಡು ಬಟ್ಟೆಯ ಮೇಲೆ ತೆಗೆದು ಅಂಗಡಿಯ ಹೊರಗೆ ತೂಗುಹಾಕಿ ಎದುರು ಬದಿಯಿಂದ ನೋಡುತ್ತೇನೆ. (ಕರ್ನಾಟಕ ಸರ್ಕಾರ 2016ರಲ್ಲೇ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧಿಸಿದೆ. ಬಟ್ಟೆಯ ಬ್ಯಾನರ್‌ಗೂ ಲೆಕ್ಕ ಇದೇ.)

ಬ್ಯಾನರ್ ನೋಡಿದ ಸಮಿತಿಯವರು ಅದೇ ಫೈಲನ್ನು ವೇದಿಕೆಯ ಹಿಂದಕ್ಕೂ ಹಾಕಿಕೊಡಿ ಎಂದರು. ಅಲ್ಲಿ ಮೊದಲ ಸಾಲು ಹತ್ತು ಅಡಿ ದೂರ, ಇಂಚಿಗೆ ಮೂವತ್ತು ಬೇಕು. ಮೇಷ್ಟರ ಮುಖದಲ್ಲಿ ಇದ್ದದ್ದು 720 ಪಿಕ್ಸೆಲ್ ಮಾತ್ರ, ಹಾಗಾಗಿ ವೇದಿಕೆಗೆ ಮುಖವನ್ನು ಎರಡು ಅಡಿಗೆ ಇಳಿಸಿ, ಉಳಿದ ಜಾಗವನ್ನು ಅಕ್ಷರಗಳಿಗೆ ಬಿಟ್ಟುಕೊಟ್ಟೆ.