ಗಾಯದ ಒಳಗೇ ಹೋಗಬೇಕಾದ ಇಂಜೆಕ್ಷನ್: ನನ್ನ ಅನುಭವ

ನಾಯಿ ಕಚ್ಚಿದವರಿಗೆ ಇಂಜೆಕ್ಷನ್ ಕೊಡುವ ಕೋಣೆಯಲ್ಲಿ ನಾನು ನರ್ಸ್. ಅಲ್ಲಿ ನನಗೆ ಜಾಸ್ತಿ ಎದುರಾಗುವ ಪ್ರಶ್ನೆ ಇದು: "ತೋಳಿಗೆ ಲಸಿಕೆ ಹಾಕ್ತೀರಲ್ಲ, ಮತ್ತೆ ಗಾಯಕ್ಕೂ ಯಾಕೆ ಚುಚ್ತೀರಿ?"

ಆರು ವರ್ಷದ ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ. ಕೆನ್ನೆ ಮೇಲೆ ಒಂದು ಹಲ್ಲಿನ ಗಾಯ, ಮುಂಗೈಯಲ್ಲಿ ಎರಡು, ತೋರುಬೆರಳ ತುದಿಯಲ್ಲಿ ಒಂದು. ಎಲ್ಲದರಲ್ಲೂ ರಕ್ತ ಬಂದಿತ್ತು. ಮನೆಯಲ್ಲಿ ನೀರು ಹಾಕಿ ಒರೆಸಿ, ಮೇಲೆ ಅರಿಸಿನ ಮೆತ್ತಿದ್ದರು. ನಾನು ಸೂಜಿ ಮುಟ್ಟುವ ಮೊದಲು ಅವಳನ್ನು ನಲ್ಲಿಯ ಹತ್ತಿರ ಕರೆದುಕೊಂಡು ಹೋದೆ. ಸೋಪು ಹಚ್ಚಿ, ಹರಿಯುವ ನೀರಿನಲ್ಲಿ ಗಡಿಯಾರ ನೋಡಿಕೊಂಡು ಪೂರ್ತಿ 15 ನಿಮಿಷ ತೊಳೆಯಬೇಕು. ನೋಡೋಕೆ ಸುಲಭ, ಆದರೆ ಎರಡು ನಿಮಿಷಕ್ಕೇ ಎಲ್ಲರೂ "ಸಾಕು ಬಿಡಿ" ಅನ್ನುತ್ತಾರೆ. ರೇಬೀಸ್ ವೈರಸ್‌ಗೆ ಕೊಬ್ಬಿನ ಹೊದಿಕೆ ಇದೆ, ಸೋಪು ಅದನ್ನು ಒಡೆಯುತ್ತದೆ. ಹಲ್ಲು ಒಳಗೆ ಇಳಿದ ತೂತಿಗೆ ನೀರು ತಾನಾಗಿ ಹೋಗುವುದಿಲ್ಲ. ಅದಕ್ಕೆ ಸಿರಿಂಜ್‌ನಿಂದ ಸಲೈನ್ ಚಿಮ್ಮಿಸಿದೆ. ಆಮೇಲೆ ಕ್ರಿಮಿ ಕೊಲ್ಲುವ ಪೊವಿಡೋನ್ ಅಯೋಡಿನ್ ಹಚ್ಚಿದೆ. ಅರಿಸಿನ, ಸುಣ್ಣ, ಖಾರದ ಪುಡಿ ಯಾವುದೂ ಗಾಯದಲ್ಲಿ ಇರಬಾರದು. ಹೊಲಿಗೆಗೂ ಆತುರಪಡಬಾರದು. ಹಾಕಲೇಬೇಕು ಅಂತಾದರೆ ಗಾಯಕ್ಕೆ ಚುಚ್ಚುವ ಔಷಧ ಇಮ್ಯುನೊಗ್ಲಾಬ್ಯುಲಿನ್ ಕೊಟ್ಟ ಮೇಲೆ, ಅದೂ ಸಡಿಲವಾಗಿ.

ಈಗ ಆ ಪ್ರಶ್ನೆಗೆ ಬರೋಣ. ಲಸಿಕೆ ಹಾಕಿದ ತಕ್ಷಣ ದೇಹದಲ್ಲಿ ವೈರಸ್ ತಡೆಯುವ ಪ್ರತಿಕಾಯ ಹುಟ್ಟುವುದಿಲ್ಲ, ಸುಮಾರು 7ರಿಂದ 14 ದಿನ ಬೇಕು. ಅಷ್ಟರಲ್ಲಿ ಗಾಯದಲ್ಲಿ ಉಳಿದ ವೈರಸ್ ನರದೊಳಗೆ ಸೇರಿಕೊಂಡರೆ ಕಷ್ಟ. ಇಮ್ಯುನೊಗ್ಲಾಬ್ಯುಲಿನ್ ಅಂದರೆ ಮೊದಲೇ ತಯಾರಾದ ಪ್ರತಿಕಾಯ. ವೈರಸ್ ಇರುವ ಜಾಗಕ್ಕೇ ಅದನ್ನು ಕೊಟ್ಟರೆ ಅಲ್ಲೇ ತಡೆಯುತ್ತದೆ.

ಹಾಗಂತ ಎಲ್ಲರಿಗೂ ಬೇಡ. ಗಾಯವಿಲ್ಲದ ಚರ್ಮವನ್ನು ನೆಕ್ಕಿದ್ದರೆ ತೊಳೆದರೆ ಸಾಕು. ರಕ್ತ ಬಾರದ ಪರಚು ಗಾಯಕ್ಕೆ ತೊಳೆಯುವುದರ ಜೊತೆ ಲಸಿಕೆ. ರಕ್ತ ಬಂದಿದ್ದರೆ, ಜೊಲ್ಲು ಗಾಯಕ್ಕೋ ಕಣ್ಣಿಗೋ ಬಾಯಿಗೋ ತಾಗಿದ್ದರೆ ಲಸಿಕೆ, ಇಮ್ಯುನೊಗ್ಲಾಬ್ಯುಲಿನ್ ಎರಡೂ ಬೇಕು. ರೋಗನಿರೋಧಕ ಶಕ್ತಿ ತುಂಬಾ ಕಡಿಮೆ ಇರುವವರಿಗೆ ಸಣ್ಣ ಪರಚಿಗೂ ಎರಡೂ ಕೊಡುತ್ತೇವೆ.

ಹುಡುಗಿಯನ್ನು ತೂಕ ಮಾಡಿದೆ, 18 ಕೆಜಿ. ನಮ್ಮ ಹತ್ತಿರ ಇದ್ದದ್ದು ಕುದುರೆಯ ರಕ್ತದಿಂದ ಮಾಡಿದ ಇಮ್ಯುನೊಗ್ಲಾಬ್ಯುಲಿನ್. ಅದಕ್ಕೆ ಕೆಜಿಗೆ 40 ಯೂನಿಟ್, ಮನುಷ್ಯರದ್ದಾದರೆ 20. ಲೆಕ್ಕ 720 ಯೂನಿಟ್ ಬಂತು. ನಮ್ಮ ವಯಲ್‌ನಲ್ಲಿ ಒಂದು ಮಿಲಿಗೆ 300 ಯೂನಿಟ್, ಅಂದರೆ 2.4 ಮಿಲಿ. ಇದು ಗರಿಷ್ಠ ಮಿತಿ, ದಾಟಬಾರದು. ನಾಲ್ಕು ಗಾಯಕ್ಕೆ ಇಷ್ಟು ಸಾಲದು ಅನ್ನಿಸಿ ಸಲೈನ್ ಬೆರೆಸಿ ದುಪ್ಪಟ್ಟು ಮಾಡಿಕೊಂಡೆ. ಯೂನಿಟ್ ಅಷ್ಟೇ ಇರುತ್ತದೆ, ದ್ರವ ಮಾತ್ರ ಜಾಸ್ತಿ.

ಕುದುರೆಯದ್ದರಿಂದ ಅಪರೂಪಕ್ಕೆ ತೀವ್ರ ಅಲರ್ಜಿ ಆಗಬಹುದು. ಹಾಗಾಗಿ ಅಡ್ರಿನಲಿನ್ ಪಕ್ಕದಲ್ಲೇ ಇಟ್ಟುಕೊಂಡು ಶುರು ಮಾಡಿದೆ. ಗಾಯದ ಅಂಚಿನಿಂದ ಸೂಜಿ ಒಳಗೆ ಹಾಕಿ, ನಿಧಾನವಾಗಿ ತಳದವರೆಗೂ ಸುತ್ತಲೂ ತುಂಬಿಸಬೇಕು. ಮುಂಗೈಯಲ್ಲಿ ಒಂದು ತೂತಿಗೆ ಕೊಡುತ್ತಿದ್ದಾಗ ಪಕ್ಕದ ತೂತಿನಿಂದ ಒಂದು ಹನಿ ಹೊರಗೆ ಬಂತು. ಒಳಗೆ ಎರಡೂ ಸೇರಿಕೊಂಡಿವೆ ಅಂತ ಆಗ ಗೊತ್ತಾಯಿತು. ಕಷ್ಟದ್ದು ಬೆರಳ ತುದಿ. ಅಲ್ಲಿ ಜಾಗ ಇಲ್ಲ, ಒತ್ತಿ ತುಂಬಿದರೆ ರಕ್ತ ಓಡಾಟವೇ ನಿಂತುಹೋಗಬಹುದು. ಸ್ವಲ್ಪವೇ ಕೊಟ್ಟು, ಉಗುರಿನ ಬಣ್ಣ ಬಿಳಿಚುತ್ತಿದೆಯಾ ಅಂತ ನೋಡುತ್ತಾ ನಿಲ್ಲಿಸಿದೆ. ಸೊಂಟಕ್ಕೋ ತೊಡೆಗೋ ಸುಮ್ನೆ ಪೂರ್ತಿ ಚುಚ್ಚಿಬಿಡುವುದನ್ನು ನಾನು ಒಪ್ಪುವುದಿಲ್ಲ. ವೈರಸ್ ಅಲ್ಲಿ ಇಲ್ವಲ್ಲ!

ಲಸಿಕೆಯನ್ನು ಅದೇ ದಿನ ಬೇರೆ ಸಿರಿಂಜ್‌ನಲ್ಲಿ, ಗಾಯವಿಲ್ಲದ ಕಡೆಯ ತೋಳಿನ ಸ್ನಾಯುವಿಗೆ ಹಾಕಿದೆ. ತೀರಾ ಚಿಕ್ಕ ಮಕ್ಕಳಿಗಾದರೆ ತೊಡೆಯ ಮುಂಭಾಗಕ್ಕೆ, ಆದರೆ ಕುಂಡೆಗೆ ಯಾವತ್ತೂ ಹಾಕುವುದಿಲ್ಲ. ಅಲ್ಲಿ ಕೊಬ್ಬು ಜಾಸ್ತಿ, ಪರಿಣಾಮ ಕಡಿಮೆ. ಸ್ನಾಯುವಿಗೆ ಕೊಡುವ ಪದ್ಧತಿಯಲ್ಲಿ 0, 3, 7, 14, 28ನೇ ದಿನ ಅಂತ ಐದು ಡೋಸ್. ಚರ್ಮದೊಳಗೆ ಕೊಡುವುದಾದರೆ ಎರಡು ಜಾಗದಲ್ಲಿ 0.1 ಮಿಲಿಯಂತೆ 0, 3, 7, 28ನೇ ದಿನ. ಇಲ್ಲಿ 0 ಅಂದರೆ ಮೊದಲ ಡೋಸ್ ಹಾಕಿದ ದಿನ, ನಾಯಿ ಕಚ್ಚಿದ ದಿನ ಅಲ್ಲ. ತುಂಬಾ ಜನ ಇಲ್ಲೇ ಲೆಕ್ಕ ತಪ್ಪುತ್ತಾರೆ. ಒಂದು ಡೋಸ್ ತಡವಾದರೆ ಮೊದಲಿನಿಂದ ಶುರು ಮಾಡಬೇಕಿಲ್ಲ, ಅಲ್ಲಿಂದಲೇ ಮುಂದುವರಿಸಬೇಕು.

ಇಮ್ಯುನೊಗ್ಲಾಬ್ಯುಲಿನ್ ಆ ದಿನ ಸಿಗದಿದ್ದರೆ ಲಸಿಕೆಯನ್ನು ಕಾಯಿಸಬೇಡಿ. ಮೊದಲ ಡೋಸ್ ಆದ 7 ದಿನದೊಳಗೆ ಅದನ್ನು ಕೊಡಬಹುದು, ಆಮೇಲೆ ಬೇಡ. ಅಷ್ಟು ಹೊತ್ತಿಗೆ ದೇಹವೇ ಪ್ರತಿಕಾಯ ಮಾಡಲು ಶುರು ಮಾಡಿರುತ್ತದೆ.

ಹುಡುಗಿಯ ಅಮ್ಮನ ಕೈಗೆ ಕಾರ್ಡ್ ಕೊಟ್ಟು, "ಇದನ್ನ ಎಸೀಬೇಡಿ ಅಮ್ಮಾ" ಅಂದೆ. ಮುಂದೆ ಮತ್ತೆ ಯಾವುದಾದರೂ ಪ್ರಾಣಿ ಕಚ್ಚಿದರೆ, ಪೂರ್ತಿ ಲಸಿಕೆ ಆಗಿದೆ ಅಂತ ಈ ಕಾರ್ಡೇ ಹೇಳುತ್ತದೆ. ಆಗ ಗಾಯ ತೊಳೆದು, 0 ಮತ್ತು 3ನೇ ದಿನ ಲಸಿಕೆ ಹಾಕಿಸಿದರೆ ಆಯ್ತು, ಗಾಯಕ್ಕೆ ಚುಚ್ಚುವುದು ಬೇಕಾಗುವುದಿಲ್ಲ.