ಅಂಗಡಿ ಲೀಸ್ ಕರಡನ್ನು ಮಾಲೀಕರ ಪರವಾಗಿ ನಾನು ಓದಿದ ಬಗೆ

ಮಡಿಕೇರಿಯ ಮುಖ್ಯ ರಸ್ತೆಯಲ್ಲಿ ಮಳಿಗೆಯಿರುವ ಕಾಫಿ ಬೆಳೆಗಾರರೊಬ್ಬರು, ಸಿದ್ಧ ಉಡುಪಿನ ಕಂಪನಿಯೊಂದು ಕಳುಹಿಸಿದ 9 ವರ್ಷಗಳ ಲೀಸ್ ಕರಡನ್ನು ಪರಿಶೀಲಿಸಲು ನನಗೆ ಒಪ್ಪಿಸಿದ್ದರು. ತಿಂಗಳ ಬಾಡಿಗೆ 40,000 ರೂಪಾಯಿ, 3 ವರ್ಷಕ್ಕೊಮ್ಮೆ ಶೇ 15ರಷ್ಟು ಏರಿಕೆ; ಇವೆರಡೂ ಮಾತುಕತೆಯಲ್ಲೇ ತೀರ್ಮಾನವಾಗಿದ್ದವು. ಆದರೂ ಕರಡಿನಲ್ಲಿ ನಾನು ಮೊದಲು ಹುಡುಕಿದ್ದು ಬಾಡಿಗೆ ಯಾವ ದಿನದಿಂದ ಆರಂಭವಾಗುತ್ತದೆ ಎಂಬುದನ್ನು, ಏಕೆಂದರೆ ಏರಿಕೆಯ ಎಣಿಕೆಯೂ, ಬಾಡಿಗೆದಾರರು ನಡುವೆ ಬಿಟ್ಟು ಹೋಗುವಂತಿಲ್ಲದ ಲಾಕ್-ಇನ್ ಅವಧಿಯ ಎಣಿಕೆಯೂ ಆ ದಿನವನ್ನೇ ಅವಲಂಬಿಸಿರುತ್ತವೆ.

ಒಳಾಂಗಣ ಕೆಲಸ ಮುಗಿದು, ಎಲ್ಲ ಪರವಾನಗಿಗಳು ದೊರೆತು, ವ್ಯಾಪಾರ ಆರಂಭವಾದ ದಿನದಿಂದ ಬಾಡಿಗೆ ಸಲ್ಲುತ್ತದೆ ಎಂದು ಕರಡಿನಲ್ಲಿತ್ತು. ಕೆಲಸ ಎಷ್ಟು ತಡವಾದರೂ ಬಾಡಿಗೆ ಹುಟ್ಟುವುದಿಲ್ಲ, ಮಾಲೀಕರು ಬೇರೆಯವರಿಗೆ ಕೊಡುವಂತೆಯೂ ಇಲ್ಲ. ಬೀಗದ ಕೈ ಕೊಟ್ಟ ದಿನದಿಂದ 60 ದಿನ, ಅಥವಾ ಅಂಗಡಿ ತೆರೆದ ದಿನ, ಇವುಗಳಲ್ಲಿ ಯಾವುದು ಮೊದಲೋ ಅದು ಎಂದು ತಿದ್ದಿಸಿದೆ.

ಏರಿಕೆಯ ಷರತ್ತಿನಲ್ಲಿ ಶೇ 15 ಎಂದಷ್ಟೇ ಇದ್ದು, ಯಾವ ಮೊತ್ತದ ಮೇಲೆ ಎಂಬುದು ಇರಲಿಲ್ಲ. ಮೂಲ ಬಾಡಿಗೆಯ ಮೇಲೆ ಎಣಿಸಿದರೆ ಮೂರನೆಯ ಘಟ್ಟದಲ್ಲಿ 52,000 ರೂಪಾಯಿ. ಆಗ ಚಾಲ್ತಿಯಲ್ಲಿರುವ 46,000ದ ಮೇಲೆ ಎಣಿಸಿದರೆ 52,900. ವ್ಯತ್ಯಾಸ 3 ವರ್ಷಗಳಲ್ಲಿ 32,400 ರೂಪಾಯಿ. ಪ್ರತಿ ವರ್ಷ ಶೇ 5 ಏರಿಸಿದ್ದರೆ 9 ವರ್ಷಗಳಲ್ಲಿ ಸುಮಾರು 2.9 ಲಕ್ಷ ರೂಪಾಯಿ ಹೆಚ್ಚು ಬರುತ್ತಿತ್ತು, ಆದರೆ ಅದನ್ನು ಕಂಪನಿ ಒಪ್ಪಲಿಲ್ಲ. ಆದ್ದರಿಂದ ಮೂರೂ ಘಟ್ಟಗಳ ಬಾಡಿಗೆಯನ್ನು ರೂಪಾಯಿಗಳಲ್ಲೇ ಅನುಬಂಧದಲ್ಲಿ ಬರೆಸಿ, ನೋಟಿಸ್ ಇಲ್ಲದೆಯೇ ಏರಿಕೆ ಜಾರಿಗೆ ಬರುತ್ತದೆ ಎಂದು ಸೇರಿಸಿದೆ.

ಒಳಾಂಗಣ ಕೆಲಸದ ವಿಷಯದಲ್ಲಿ ಇಲ್ಲಿನ ಮಳೆಯನ್ನು ಮರೆಯುವಂತಿಲ್ಲ. ಹೊರಗೋಡೆಗೆ ಬೋರ್ಡ್ ಕೂರಿಸಲು, ಎಸಿ ಪೈಪ್ ಹಾಯಿಸಲು ಕೊರೆದ ರಂಧ್ರಗಳಿಂದಲೇ ಜೂನ್ ಕಳೆಯುವಷ್ಟರಲ್ಲಿ ಗೋಡೆ ಒಳಗೆ ಒದ್ದೆಯಾಗುತ್ತದೆ. ಹಾಗಾಗಿ ನಕ್ಷೆಗೆ ಮಾಲೀಕರ ಲಿಖಿತ ಒಪ್ಪಿಗೆ ಪಡೆಯಬೇಕು, ಕಂಬ, ತೊಲೆ ಮತ್ತು ಚಾವಣಿಯನ್ನು ಮುಟ್ಟಬಾರದು, ಕೊರೆದಲ್ಲಿ ಸೋರಿದರೆ ದುರಸ್ತಿ ಬಾಡಿಗೆದಾರರದು ಎಂದು ಬರೆಸಿದೆ. ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಪ್ರಕಾರ ಬಾಡಿಗೆದಾರರು ತಾವು ಜೋಡಿಸಿದ್ದನ್ನು ಬಿಚ್ಚಿಕೊಂಡು ಹೋಗಬಹುದು, ಆದರೆ ಕಟ್ಟಡವನ್ನು ಪಡೆದಾಗಿನ ಸ್ಥಿತಿಯಲ್ಲಿ ಬಿಡಬೇಕು. ಆ ಸ್ಥಿತಿ ಹೇಗಿತ್ತು ಎಂಬುದಕ್ಕೆ ದಿನಾಂಕವಿರುವ ಛಾಯಾಚಿತ್ರಗಳಿಗೆ ಎರಡೂ ಕಡೆಯವರ ಸಹಿ ಹಾಕಿಸಿ ಅನುಬಂಧಕ್ಕೆ ಸೇರಿಸಿದೆ.

ಒಳಬಾಡಿಗೆಯ ಬಗ್ಗೆ ಕರಡು ಮೌನವಾಗಿತ್ತು. ಮಾಲೀಕರಿಗೆ ಇದು ನಿರಪಾಯವೆಂದು ತೋರಿತು, ಆದರೆ ಇದೇ 108ನೇ ಕಲಂ, ಕರಾರಿನಲ್ಲಿ ನಿಷೇಧವಿಲ್ಲದಿದ್ದರೆ ಒಳಬಾಡಿಗೆಗೆ ಕೊಡುವ ಹಕ್ಕನ್ನು ಬಾಡಿಗೆದಾರರಿಗೇ ನೀಡುತ್ತದೆ. ಕಂಪನಿ ಫ್ರಾಂಚೈಸಿಗೆ ಅವಕಾಶ ಕೇಳಿತು. ಲಿಖಿತ ಅನುಮತಿಯ ಮೇಲೆ, ಮೂಲ ಬಾಡಿಗೆದಾರರ ಹೊಣೆ ಹಾಗೆಯೇ ಉಳಿಯುವ ಷರತ್ತಿನೊಂದಿಗೆ ಮಾತ್ರ ಒಪ್ಪಿದೆವು. ಬಾಡಿಗೆ ಬೇರೊಬ್ಬರ ಖಾತೆಯಿಂದ ಬರತೊಡಗಿದರೆ, ಅಥವಾ ವ್ಯಾಪಾರ ಪರವಾನಗಿಯಲ್ಲಿ ಬೇರೆ ಹೆಸರು ಕಂಡರೆ ತಕ್ಷಣ ಲಿಖಿತವಾಗಿ ಆಕ್ಷೇಪಿಸಬೇಕೆಂದು ಮಾಲೀಕರಿಗೆ ಹೇಳಿದ್ದೇನೆ. ತಿಳಿದೂ ಸುಮ್ಮನೆ ಹಣ ಪಡೆಯುತ್ತಿದ್ದರೆ ಅದನ್ನೇ ಒಪ್ಪಿಗೆಯೆಂದು ವಾದಿಸಲು ಎಡೆಯಾಗುತ್ತದೆ.

ಹೆಚ್ಚು ಸಮಯ ಹಿಡಿದದ್ದು ನಿರ್ಗಮನದ ಷರತ್ತು. ಮಾಲೀಕರು 9 ವರ್ಷವೂ ಬದ್ಧರು, ಕಂಪನಿ ಮಾತ್ರ 3 ತಿಂಗಳ ನೋಟಿಸ್ ಕೊಟ್ಟು ಯಾವಾಗ ಬೇಕಾದರೂ ಹೊರಡಬಹುದು ಎಂದಿತ್ತು. ಮೊದಲ 3 ವರ್ಷ ಕಂಪನಿಗೆ ಲಾಕ್-ಇನ್, ಅದಕ್ಕೆ ಮುಂಚೆ ಹೋದರೆ ಉಳಿದ ತಿಂಗಳುಗಳ ಬಾಡಿಗೆ ಎಂದು ಮಾಡಿಸಿದೆ. ಈ ಮೊತ್ತವೆಲ್ಲ ತಾನಾಗಿಯೇ ಸಿಗುತ್ತದೆಂದು ಮಾಲೀಕರು ನಂಬಬಾರದು. ಕರಾರು ಕಾಯ್ದೆಯ 74ನೇ ಕಲಂ ಅಡಿ ನ್ಯಾಯಾಲಯ ಕೊಡಿಸುವುದು ಆ ಮಿತಿಯೊಳಗಿನ ಸಮಂಜಸ ಪರಿಹಾರವನ್ನು ಮಾತ್ರ, ಮಳಿಗೆ ಬೇಗ ಮತ್ತೊಬ್ಬರಿಗೆ ಹೋದರೆ ಅದು ಕಡಿಮೆಯಾಗಬಹುದು. ಆದ್ದರಿಂದ ಕೈಯಲ್ಲಿರುವ ಅಡ್ವಾನ್ಸ್ ಮುಖ್ಯ. ಅದನ್ನು ಕೊನೆಯ ತಿಂಗಳುಗಳ ಬಾಡಿಗೆಗೆ ಮುರಿದುಕೊಳ್ಳುವಂತಿಲ್ಲ, ಖಾಲಿ ಮಾಡಿ ದುರಸ್ತಿ ಮುಗಿಸಿ ಬೀಗದ ಕೈ ಒಪ್ಪಿಸುವವರೆಗೆ ಬಾಡಿಗೆ ನಿಲ್ಲದು ಎಂದು ಬರೆಸಿದೆ.

ಇದೇ ಭಾಗದಲ್ಲಿ, ನೈಸರ್ಗಿಕ ವಿಕೋಪದಿಂದ ವ್ಯಾಪಾರಕ್ಕೆ ಧಕ್ಕೆಯಾದರೆ ಬಾಡಿಗೆ ನಿಲ್ಲುತ್ತದೆ ಎಂಬ ಸಾಲಿತ್ತು. 2018ರ ಆಗಸ್ಟ್‌ನಲ್ಲಿ ಭೂಕುಸಿತದಿಂದ ಮಂಗಳೂರು ರಸ್ತೆ ಮುಚ್ಚಿದಂಥ ಪರಿಸ್ಥಿತಿ ಮರುಕಳಿಸಿ ಪ್ರವಾಸಿಗರು ಬಾರದಿದ್ದರೆ, ಅಂಗಡಿಗೆ ಏನೂ ಆಗದಿದ್ದರೂ ಬಾಡಿಗೆ ನಿಲ್ಲುತ್ತಿತ್ತು. ಮಳಿಗೆಯೇ ಬಳಕೆಗೆ ಬಾರದಷ್ಟು ಹಾನಿಯಾದರೆ ಮಾತ್ರ ಎಂದು ಅದನ್ನು ಸೀಮಿತಗೊಳಿಸಿದೆ.

ನೋಂದಣಿಯ ವಿಷಯದಲ್ಲಿ ಚರ್ಚೆಗೆ ಅವಕಾಶ ಕೊಡಲಿಲ್ಲ. ಮುದ್ರಾಂಕ ಶುಲ್ಕ ಉಳಿಸಲು 11 ತಿಂಗಳ ಕರಾರು ಸಾಕೆಂಬ ಸಲಹೆ ಬಂದಿತ್ತು, ಆದರೆ ಒಂದು ವರ್ಷ ಮೀರಿದ ಲೀಸ್ ನೋಂದಣಿಯಾಗದಿದ್ದರೆ ಅದರ ಅವಧಿಯನ್ನೂ ಲಾಕ್-ಇನ್ ಷರತ್ತನ್ನೂ ನ್ಯಾಯಾಲಯದಲ್ಲಿ ಆಧಾರವಾಗಿ ಹಿಡಿಯಲಾಗದು. ಸಾಮಾನ್ಯವಾಗಿ ಅದು 15 ದಿನಗಳ ನೋಟಿಸ್‌ಗೆ ಮುಗಿಯುವ ತಿಂಗಳ ಬಾಡಿಗೆಯಾಗಿ ಉಳಿಯುತ್ತದೆ. ಶುಲ್ಕವನ್ನು ಇಬ್ಬರೂ ಸಮವಾಗಿ ಭರಿಸುವುದೆಂದು ತೀರ್ಮಾನಿಸಿ, ಅನುಬಂಧಗಳ ಸಮೇತ ಪತ್ರವನ್ನು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸಿದ ನಂತರವೇ ಮಾಲೀಕರು ಬೀಗದ ಕೈ ಕೊಟ್ಟರು.